ಮೊದಲ ಪ್ರಶ್ನೆ: ದುಡಿಯುವವರ ಬಗೆಗಿನ ಎರಡು ನಂಬಿಕೆಗಳು



ಕಾರ್ಮಿಕರ ಬಗ್ಗೆ ಮಾತನಾಡಲು ಕರೆದಿದ್ದೀರಿ. ನಾನು ಇವತ್ತು ಹೆಚ್ಚು ಹೊತ್ತು ಮಾತನಾಡುವುದು ಮ್ಯಾನೇಜರುಗಳ ಬಗ್ಗೆ. ದುಡಿಯುವವರು ಹೇಗಿರುತ್ತಾರೆ ಎಂದು ಮೇಲಿನವರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ನಂಬಿಕೆ ಅವರ ದಿನದ ಸಣ್ಣ ಸಣ್ಣ ನಡೆಗಳಲ್ಲಿ ಹೇಗೆ ಹೊರಬೀಳುತ್ತದೆ, ಆಮೇಲೆ ಅದೇ ನಂಬಿಕೆ ಕೆಳಗಿನವರನ್ನು ಹೇಗೆ ತನ್ನ ಅಚ್ಚಿಗೆ ಇಳಿಸುತ್ತದೆ ಎಂಬುದು ನನ್ನ ವಿಷಯ. ಇದಕ್ಕೆ ನನ್ನ ಅನುಭವಕ್ಕಿಂತ ಗಟ್ಟಿಯಾದ ಸಾಕ್ಷಿ ಒಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರಿನ ಒಂದು ಕಾರು ಕಾರ್ಖಾನೆ ಅದು. ಕಟ್ಟಡ ಒಂದೇ, ಸಂಘ ಒಂದೇ, ಕಾರ್ಮಿಕರಲ್ಲಿ ಹೆಚ್ಚಿನವರು ಅವರೇ. ಮೇಲಿನವರ ನಂಬಿಕೆ ಮಾತ್ರ ಬದಲಾಯಿತು.

ಜನರಲ್ ಮೋಟರ್ಸ್ ಕಂಪನಿ 1960ರ ದಶಕದ ಮೊದಲ ಭಾಗದಲ್ಲಿ ಫ್ರೀಮಾಂಟಿನಲ್ಲಿ ಈ ಕಾರ್ಖಾನೆ ಕಟ್ಟಿತು. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಅದು ಕಂಪನಿಯ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಎಂದು ಹೆಸರಾಗಿತ್ತು. ದಿನಕ್ಕೆ ನೂರರಲ್ಲಿ ಇಪ್ಪತ್ತರಷ್ಟು ಜನ ಗೈರುಹಾಜರಿ. ಸೋಮವಾರ ಬೆಳಿಗ್ಗೆ ಲೈನ್ ಓಡಿಸಲು ಜನ ಸಾಲದೆ, ಬದಲಿ ಕೆಲಸಗಾರರನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡು ನೇಮಿಸುತ್ತಿದ್ದರು. ಸಂಘದ ಒಪ್ಪಿಗೆಯೂ ಇಲ್ಲದ ದಿಢೀರ್ ಮುಷ್ಕರಗಳು ನಡೆಯುತ್ತಿದ್ದವು. ಕಾರ್ಮಿಕರು ಕೊಟ್ಟ ದೂರುಗಳು ಸಾವಿರಗಟ್ಟಲೆ ಇತ್ಯರ್ಥವಾಗದೆ ಬಿದ್ದಿದ್ದವು. ಕಾರಿನ ಬಾಗಿಲಿನೊಳಗೆ ಖಾಲಿ ಬಾಟಲಿ ಇಟ್ಟು ಮುಚ್ಚಿಬಿಡುತ್ತಿದ್ದರು, ಕೊಂಡವನಿಗೆ ಆ ಗಡಗಡ ಸದ್ದು ಎಲ್ಲಿಂದ ಬರುತ್ತದೆ ಎಂದು ತಿಳಿಯಬಾರದು ಎಂಬ ಉದ್ದೇಶದಿಂದ. ಇದನ್ನು ಅಲ್ಲಿ ದುಡಿದವರೇ ಮುಂದೆ ಹೇಳಿಕೊಂಡಿದ್ದಾರೆ. 1982ರಲ್ಲಿ ಕಂಪನಿ ಬಾಗಿಲು ಹಾಕಿತು. ಆ ದಿನ ಫ್ರೀಮಾಂಟಿನ ಯಾವ ಮೇಲಧಿಕಾರಿಯನ್ನು ಕೇಳಿದ್ದರೂ, ಈ ಜನ ಕೆಲಸವನ್ನು ದ್ವೇಷಿಸುತ್ತಾರೆ, ಬೆನ್ನ ಹಿಂದೆ ನಿಲ್ಲದಿದ್ದರೆ ಏನೂ ಆಗುವುದಿಲ್ಲ ಎಂದೇ ಹೇಳುತ್ತಿದ್ದ. ಅವನ ಬಳಿ ಆಧಾರಕ್ಕೂ ಕೊರತೆ ಇರಲಿಲ್ಲ.

ಹೀಗೆ ಯೋಚಿಸುವ ಮೇಲಧಿಕಾರಿಯ ಮನಸ್ಸನ್ನು ಫ್ರೀಮಾಂಟ್ ಕಾರ್ಖಾನೆ ಹುಟ್ಟುವ ಮೊದಲೇ ಒಬ್ಬರು ಬರೆದಿಟ್ಟಿದ್ದರು. ಅವರು ಡಗ್ಲಸ್ ಮೆಕ್‌ಗ್ರೆಗರ್. ಡೆಟ್ರಾಯಿಟ್‌ನಲ್ಲಿ 1906ರಲ್ಲಿ ಹುಟ್ಟಿದವರು. ನೆಲೆಯಿಲ್ಲದೆ ಅಲೆಯುವ ಕೂಲಿಕಾರರಿಗೆ ಊಟ, ವಸತಿ ಕೊಡುವ ಒಂದು ಸಂಸ್ಥೆಯನ್ನು ಅವರ ಮನೆತನ ನಡೆಸುತ್ತಿತ್ತು. ಮನಶ್ಶಾಸ್ತ್ರ ಓದಿ ಎಂಐಟಿಯಲ್ಲಿ ಪಾಠ ಮಾಡಿದರು. ನಡುವೆ 1948ರಿಂದ ಆರು ವರ್ಷ ಆಂಟಿಯೋಕ್ ಕಾಲೇಜಿನ ಅಧ್ಯಕ್ಷರಾಗಿದ್ದರು. 1957ರಲ್ಲಿ ಎಂಐಟಿಯ ಸಭೆಯೊಂದರಲ್ಲಿ ಮಾಡಿದ ಭಾಷಣವನ್ನೇ ಬೆಳೆಸಿ 1960ರಲ್ಲಿ ಒಂದು ಪುಸ್ತಕ ತಂದರು. ಆ ಪುಸ್ತಕದಿಂದಲೇ ಥಿಯರಿ ಎಕ್ಸ್, ಥಿಯರಿ ವೈ ಎಂಬ ಮಾತುಗಳು ಪ್ರಪಂಚದ ಮ್ಯಾನೇಜ್‌ಮೆಂಟ್ ತರಗತಿಗಳಿಗೆಲ್ಲ ಹೋದವು. 1964ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹೇಳಿದ್ದು ಇಷ್ಟು. ಸಾಮಾನ್ಯ ಮನುಷ್ಯನಿಗೆ ಕೆಲಸವೆಂದರೆ ಹುಟ್ಟಿನಿಂದಲೇ ಬೇಸರ, ಸಾಧ್ಯವಾದರೆ ತಪ್ಪಿಸಿಕೊಳ್ಳುತ್ತಾನೆ. ಆದ್ದರಿಂದ ಅವನನ್ನು ಹೆದರಿಸಿ, ನಿಯಂತ್ರಿಸಿ, ಹೇಳಿದ್ದನ್ನು ಮಾಡಿಸಬೇಕು. ಅವನಿಗೂ ಹೊಣೆ ಬೇಡ, ಹೇಳಿಸಿಕೊಂಡು ಮಾಡುವುದೇ ಇಷ್ಟ. ಇದು ಎಕ್ಸ್. ಮೈಮನಸ್ಸು ಬಳಸಿ ದುಡಿಯುವುದು ಮನುಷ್ಯನಿಗೆ ಆಟದಷ್ಟೇ, ವಿಶ್ರಾಂತಿಯಷ್ಟೇ ಸಹಜ. ತಾನು ಒಪ್ಪಿಕೊಂಡ ಗುರಿಗಾಗಿ ಅವನು ತನ್ನನ್ನು ತಾನೇ ನಡೆಸಿಕೊಳ್ಳಬಲ್ಲ. ಸರಿಯಾದ ಸನ್ನಿವೇಶದಲ್ಲಿ ಹೊಣೆಯನ್ನು ಒಪ್ಪುವುದಷ್ಟೇ ಅಲ್ಲ, ಹುಡುಕಿಕೊಂಡು ಹೋಗುತ್ತಾನೆ. ಸಮಸ್ಯೆ ಬಿಡಿಸುವ ಬುದ್ಧಿ ಕೆಲವರ ಸೊತ್ತಲ್ಲ, ಎಲ್ಲರಲ್ಲೂ ಹರಡಿದೆ. ಇದು ವೈ.

ಈ ಎರಡನ್ನು ತರಗತಿಗಳಲ್ಲಿ ತಪ್ಪಾಗಿ ಕಲಿಸುವುದನ್ನು ಬಹಳ ಸಲ ಕಂಡಿದ್ದೇನೆ. ಎಕ್ಸ್ ಎಂದರೆ ಗದರುವ ಮ್ಯಾನೇಜರ್, ವೈ ಎಂದರೆ ನಗುವ ಮ್ಯಾನೇಜರ್ ಎಂದು ಹೇಳಿಬಿಡುತ್ತಾರೆ. ಇಲ್ಲವೇ, ಕೆಲವರು ಎಕ್ಸ್ ಜಾತಿಯ ಕೆಲಸಗಾರರು, ಕೆಲವರು ವೈ ಜಾತಿಯವರು ಎಂದು ವಿಂಗಡಿಸುತ್ತಾರೆ. ಮೆಕ್‌ಗ್ರೆಗರ್ ಹೇಳಿದ್ದು ಎರಡೂ ಅಲ್ಲ. ಇವು ಮ್ಯಾನೇಜರನ ತಲೆಯೊಳಗಿನ ಊಹೆಗಳು. ನಗುನಗುತ್ತಲೇ ಎಕ್ಸ್ ನಂಬುವವರು ಬೇಕಾದಷ್ಟು ಜನ ಇದ್ದಾರೆ. ಹುಟ್ಟುಹಬ್ಬಕ್ಕೆ ಕೇಕ್ ತರಿಸುತ್ತಾರೆ, ಮುನ್ನೂರು ರೂಪಾಯಿಯ ಖರ್ಚಿಗೂ ತಮ್ಮ ಸಹಿ ಬೇಕು ಎನ್ನುತ್ತಾರೆ. ಮಾತಿನಲ್ಲಿ ಗಡಸಾಗಿದ್ದೂ ಕೆಳಗಿನವರ ತೀರ್ಮಾನವನ್ನು ನಂಬಿ ಬಿಟ್ಟುಕೊಡುವ ಫೋರ್‌ಮನ್‌ಗಳೂ ಇದ್ದಾರೆ.

ಮೆಕ್‌ಗ್ರೆಗರ್ ಅವರ ನಿಜವಾದ ಒಳನೋಟ ಇದರ ಮುಂದಿನದು. ಊಹೆ ತನ್ನ ಸಾಕ್ಷಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದರು ಅವರು. ಕೆಲಸಗಾರನನ್ನು ನಂಬಲಾಗದು ಎಂದುಕೊಂಡವನು ಅವನಿಂದ ತೀರ್ಮಾನಗಳನ್ನು ಕಿತ್ತುಕೊಳ್ಳುತ್ತಾನೆ. ತೀರ್ಮಾನ ಕೈಯಲ್ಲಿಲ್ಲದವನು ಫಲಿತಾಂಶದ ಬಗ್ಗೆ ತಲೆ ಕೆಡಿಸಿಕೊಳ್ಳುವುದನ್ನು ಬಿಡುತ್ತಾನೆ. ಅವನು ಬಿಟ್ಟದ್ದು ಕಣ್ಣಿಗೆ ಕಂಡಾಗ, ನೋಡಿ, ನಾನು ಹೇಳಿರಲಿಲ್ಲವೇ, ಎನ್ನುತ್ತಾನೆ ಮೇಲಿನವನು. ಇನ್ನೊಂದು ಸಹಿ, ಇನ್ನೊಬ್ಬ ತಪಾಸಣೆಗಾರ ಬರುತ್ತಾರೆ. ಈ ಸುತ್ತಿನೊಳಗೆ ನಿಂತವನಿಗೆ ಇದು ಸುತ್ತು ಎಂದು ಕಾಣುವುದಿಲ್ಲ. ಮನುಷ್ಯ ಸ್ವಭಾವವನ್ನೇ ನೋಡುತ್ತಿದ್ದೇನೆ ಎಂದು ಅವನಿಗೆ ಅನಿಸುತ್ತದೆ.

ಸುತ್ತು ಹೇಗೆ ತಿರುಗುತ್ತದೆ ಎಂದು ತೋರಿಸಲು ನಮ್ಮ ಪೀಣ್ಯದ ಯಾವುದೋ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳಿ. ಬೇರಿಂಗ್ ಕೂರುವ ಹೌಸಿಂಗ್‌ಗಳನ್ನು ಸಿಎನ್‌ಸಿ ಲೇತ್ ಮೇಲೆ ಬೋರ್ ಮಾಡುತ್ತಾರೆ. ಎರಡನೇ ಶಿಫ್ಟಿನಲ್ಲಿ 200 ಪೀಸ್ ಆಗಿವೆ. ಬೆಳಿಗ್ಗೆ ನೋಡಿದರೆ 40 ಪೀಸಿನಲ್ಲಿ ಗೋ ಗೇಜ್ ಒಳಗೆ ಹೋಗುತ್ತಿಲ್ಲ. ಬೋರ್ ಚಿಕ್ಕದಾಗಿದೆ. ಕೆಲಸ ಬಲ್ಲವರಿಗೆ ಗೊತ್ತು, ಇನ್ಸರ್ಟ್ ಸವೆದಂತೆ ಬೋರ್ ಕಿರಿದಾಗುತ್ತಾ ಬರುತ್ತದೆ. ಆಪರೇಟರ್ ಆಗಾಗ ಅಳೆದು, ಆಫ್‌ಸೆಟ್ ತುಸು ತಿದ್ದಿ ಅದನ್ನು ಸರಿದೂಗಿಸಬೇಕು.

ಮ್ಯಾನೇಜರ್ ಬರುತ್ತಾನೆ. ಅವನ ಬಾಯಿಂದ ಬರುವ ಮೊದಲ ಪ್ರಶ್ನೆಯಲ್ಲೇ ಅವನ ನಂಬಿಕೆ ಇದೆ. "ಮಷಿನ್ ಮೇಲೆ ಯಾರಿದ್ದದ್ದು?" ಎಂದು ಒಬ್ಬ ಕೇಳುತ್ತಾನೆ. "ಎಷ್ಟನೇ ಪೀಸಿನಿಂದ ಶುರುವಾಗಿದೆ?" ಎಂದು ಇನ್ನೊಬ್ಬ ಕೇಳುತ್ತಾನೆ.

ಮೊದಲನೆಯವನ ದಾರಿಯಲ್ಲಿ ಹೋಗೋಣ. ಆಪರೇಟರ್ ಸಿಕ್ಕಿದ. ಮೆಮೋ ಕೊಟ್ಟಾಯಿತು. ಆಪರೇಟರುಗಳ ಕೈಯಲ್ಲಿ ಆಫ್‌ಸೆಟ್ ಇದ್ದದ್ದೇ ತಪ್ಪು ಎಂದು ಪಾಸ್‌ವರ್ಡ್ ಹಾಕಿಸಿದ. ಇನ್ನು ಮುಂದೆ ಸೆಟ್ಟರ್ ಮಾತ್ರ ತಿದ್ದಬೇಕು. ಪ್ರತಿ ಹತ್ತು ಪೀಸಿಗೆ ಒಂದರ ಅಳತೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ನೋಡಲು ಎಲ್ಲ ಬಿಗಿಯಾಯಿತು. ಆದರೆ ಇಡೀ ಶಿಫ್ಟಿಗೆ ಸೆಟ್ಟರ್ ಒಬ್ಬನೇ, ಮಷಿನ್‌ಗಳು ಎಂಟು. ಆಪರೇಟರ್ ಅಳೆಯುತ್ತಾನೆ, ಗಾತ್ರ ಕೆಳಗಿನ ಮಿತಿಯ ಹತ್ತಿರ ಬಂದಿದೆ ಎಂದು ಕಾಣುತ್ತಾನೆ, ಸೆಟ್ಟರನ್ನು ಕರೆಯುತ್ತಾನೆ. ಅವನು ಬೇರೆ ಮಷಿನ್ ಹತ್ತಿರ ಇದ್ದಾನೆ. ಕಾದು ನಿಂತರೆ ಟಾರ್ಗೆಟ್ ತಪ್ಪುತ್ತದೆ, ಅದಕ್ಕೂ ಮೆಮೋ ಇದೆ. ಓಡಿಸಿದರೆ ಪೀಸ್ ಕೆಡಬಹುದು, ಕೆಡದೆಯೂ ಇರಬಹುದು. ಅವನು ಓಡಿಸುತ್ತಾನೆ. ರಿಜಿಸ್ಟರಿನಲ್ಲಿ ಮಿತಿಯೊಳಗಿನ ಅಂಕಿಯನ್ನೇ ಬರೆಯುತ್ತಾನೆ, ಏಕೆಂದರೆ ಮಿತಿ ಮೀರಿದ ಅಂಕಿ ಬರೆದರೆ ಯಾಕೆ ನಿಲ್ಲಿಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಮುಂದಿನ ವಾರ ಮತ್ತೆ ಪೀಸ್ ಹೋಯಿತು. ಮ್ಯಾನೇಜರ್ ರಿಜಿಸ್ಟರ್ ತೆರೆದು ನೋಡುತ್ತಾನೆ, ಎಲ್ಲ ಅಳತೆಯೂ ಸರಿ. ಈಗ ಅವನಿಗೆ ಆಪರೇಟರ್ ಸುಳ್ಳನೂ ಹೌದು ಎಂದು ಖಚಿತವಾಗುತ್ತದೆ. ಇನ್ಸ್‌ಪೆಕ್ಟರ್ ಒಬ್ಬನನ್ನು ಹೆಚ್ಚಿಗೆ ನೇಮಿಸುತ್ತಾನೆ.

ಇಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬನೂ ತನ್ನ ಎದುರಿಗಿದ್ದ ಸನ್ನಿವೇಶಕ್ಕೆ ಸರಿಯಾಗಿಯೇ ನಡೆದುಕೊಂಡಿದ್ದಾನೆ.

ಎರಡನೆಯವನು ಪೀಸುಗಳನ್ನು ಆದ ಕ್ರಮದಲ್ಲಿ ಜೋಡಿಸುತ್ತಾನೆ. ಸುಮಾರು 160ರವರೆಗೆ ಸರಿ ಇದ್ದು, ಆಮೇಲೆ ಬೋರ್ ಬೇಗ ಬೇಗ ಕಿರಿದಾಗಿದೆ. ಆಪರೇಟರನ್ನು ಕೂರಿಸಿಕೊಂಡು ಕೇಳಿದರೆ, ಅಷ್ಟು ಹೊತ್ತಿಗೆ ಹೊಸ ಡಬ್ಬಿಯ ಇನ್ಸರ್ಟ್ ಹಾಕಿದೆ, ಎಂದಿನ ಅಂತರದಲ್ಲೇ ಅಳೆದೆ ಎನ್ನುತ್ತಾನೆ. ಹೊಸ ಇನ್ಸರ್ಟ್ ಬೇಗ ಸವೆಯುತ್ತಿದೆ. ಈ ಮಾತು ಮೊದಲನೆಯ ಮ್ಯಾನೇಜರನ ಕಿವಿಗೆ ಬೀಳುವುದೇ ಇಲ್ಲ, ಏಕೆಂದರೆ ಮೆಮೋ ಹಿಡಿದು ನಿಂತವನು ತನ್ನನ್ನು ಕಾಪಾಡಿಕೊಳ್ಳಲು ಮಾತನಾಡುತ್ತಾನೆ, ಇನ್ಸರ್ಟ್ ಬಗ್ಗೆ ಅಲ್ಲ. ಎರಡನೆಯವನು ಆಪರೇಟರ್ ಜೊತೆಗೇ ನಿಯಮ ಮಾಡುತ್ತಾನೆ. ಹೊಸ ಇನ್ಸರ್ಟ್ ಹಾಕಿದ ಮೇಲೆ ಐದು ಪೀಸಿಗೊಮ್ಮೆ ಬೋರ್ ಗೇಜ್‌ನಿಂದ ಅಳತೆ. 20 ಮೈಕ್ರಾನ್ ಒಳಗಿನ ತಿದ್ದುಪಡಿ ಆಪರೇಟರನದೇ, ಬರೆದಿಟ್ಟರೆ ಸಾಕು. ಅದಕ್ಕಿಂತ ಹೆಚ್ಚು ಬೇಕಾದರೆ ಮಷಿನ್ ನಿಲ್ಲಿಸುವ ಅಧಿಕಾರ ಅವನಿಗಿದೆ, ನಿಂತ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯಬೇಕು. ಈ ಕೊನೆಯ ವಾಕ್ಯ ಇಲ್ಲದಿದ್ದರೆ ಮೊದಲಿನ ಎರಡೂ ವ್ಯರ್ಥ. ನಿಲ್ಲಿಸು ಎಂದು ಹೇಳಿ, ನಿಂತದ್ದಕ್ಕೆ ಬೆಲೆ ಕಟ್ಟಿಸಿದರೆ ಯಾರೂ ನಿಲ್ಲಿಸುವುದಿಲ್ಲ. ಇನ್ನೊಂದು ಮಾತೂ ಇದೆ. ಬೋರ್ ಗೇಜ್ ಹಿಡಿದು ಸರಿಯಾಗಿ ಓದಲು ಬಾರದವನ ಕೈಗೆ ಆಫ್‌ಸೆಟ್ ಕೊಟ್ಟರೆ ಅದು ನಂಬಿಕೆಯಲ್ಲ, ಅಲಕ್ಷ್ಯ. ಮೊದಲು ಕಲಿಸಬೇಕು.

ಯಾವ ಘಟಕ ಯಾವ ದಾರಿಯಲ್ಲಿದೆ ಎಂದು ತಿಳಿಯಲು ನಾನು ರಿಜಿಸ್ಟರ್ ನೋಡುತ್ತೇನೆ. ಇಡೀ ಶಿಫ್ಟಿನ ಅಳತೆಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಎಲ್ಲವೂ ಮಿತಿಯ ನಟ್ಟನಡುವೆ ಇದ್ದರೆ, ಶಿಫ್ಟ್ ಮುಗಿದ ಮೇಲೆ ಕೂತು ಬರೆದದ್ದು ಎಂದು ತಿಳಿಯುತ್ತದೆ. ಗ್ರೀಸ್ ಬೆರಳಿನ ಗುರುತು, ಹೊಡೆದು ತಿದ್ದಿದ ಅಂಕಿ, ಅಂಚಿನಲ್ಲಿ "10.40ಕ್ಕೆ ನಿಲ್ಲಿಸಿದೆ" ಎಂಬ ಬರಹ ಇದ್ದರೆ ಆ ಘಟಕದಲ್ಲಿ ಸತ್ಯ ಮೇಲಕ್ಕೆ ಹೋಗುತ್ತಿದೆ ಎಂದರ್ಥ. ಕಡಿಮೆ ತಪ್ಪು ವರದಿಯಾಗುವ ಘಟಕವೇ ಒಳ್ಳೆಯದು ಎಂದುಕೊಂಡವರು ಈ ಒಂದು ಕಾರಣಕ್ಕೆ ಬಹಳ ಸಲ ಮೋಸ ಹೋಗುತ್ತಾರೆ.

ಈಗ ಫ್ರೀಮಾಂಟಿಗೆ ಹಿಂದಿರುಗೋಣ. ಟೊಯೊಟಾ ಕಂಪನಿಗೆ ಅಮೆರಿಕದ ನೆಲದಲ್ಲಿ ಕಾರು ತಯಾರಿಸಲು ಕಲಿಯಬೇಕಿತ್ತು. ಜನರಲ್ ಮೋಟರ್ಸ್‌ಗೆ ಲಾಭವಾಗುವಂತೆ ಸಣ್ಣ ಕಾರು ಮಾಡುವುದನ್ನು ಕಲಿಯಬೇಕಿತ್ತು. ಇಬ್ಬರೂ ಸೇರಿ ಮುಚ್ಚಿದ ಆ ಕಾರ್ಖಾನೆಯನ್ನು 1984ರಲ್ಲಿ ಮತ್ತೆ ತೆರೆದರು. ನಮ್ಮಿ ಎಂಬುದು ಹೊಸ ಕಂಪನಿಯ ಹೆಸರು. ಟೊಯೊಟಾ ಮನೆತನದ ತತ್ಸುರೊ ಟೊಯೊಡಾ ಮೊದಲ ಅಧ್ಯಕ್ಷ. ದಿನದ ಆಡಳಿತ ಟೊಯೊಟಾದ ಕೈಯಲ್ಲಿತ್ತು. ವಾಹನ ಕಾರ್ಮಿಕರ ಹಳೆಯ ಸಂಘವನ್ನೇ ಒಪ್ಪಿಕೊಂಡು, ಹಳೆಯ ಕಾರ್ಮಿಕರನ್ನೇ ಮರಳಿ ಕರೆದರು. ಹೊಸ ಕೆಲಸಗಾರರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಹಿಂದಿನ ಫ್ರೀಮಾಂಟಿನವರು. ಹಳೆಯ ಗಲಾಟೆಗಳ ಕಾಲದ ಸಂಘದ ಮುಂದಾಳುಗಳೂ ಅವರಲ್ಲಿದ್ದರು.

ಗೈರುಹಾಜರಿ ನೂರರಲ್ಲಿ ಮೂರು ನಾಲ್ಕಕ್ಕೆ ಇಳಿಯಿತು. ಒಂದು ಕಾರಿಗೆ ತಗಲುವ ದುಡಿಮೆಯ ಹೊತ್ತು ಹಳೆಯ ಫ್ರೀಮಾಂಟಿನ ಅರ್ಧದ ಹತ್ತಿರ ಬಂತು. ಗುಣಮಟ್ಟ, ಜಪಾನಿನ ತಕವೊಕಾದಲ್ಲಿದ್ದ ಟೊಯೊಟಾ ಕಾರ್ಖಾನೆಯ ಸಮಕ್ಕೆ ಏರಿತು. ಇದೆಲ್ಲ ಎರಡೇ ವರ್ಷದೊಳಗೆ. ಯಂತ್ರಗಳಿಂದಲೇ ಇದು ಆಯಿತು ಎನ್ನಲು ಸಾಧ್ಯವಿರಲಿಲ್ಲ, ಏಕೆಂದರೆ ಅದೇ ವರ್ಷಗಳಲ್ಲಿ ನಮ್ಮಿಗಿಂತ ಹೆಚ್ಚು ರೋಬಾಟ್‌ಗಳನ್ನು ತುಂಬಿಸಿಕೊಂಡ ಜನರಲ್ ಮೋಟರ್ಸ್‌ನ ಬೇರೆ ಕಾರ್ಖಾನೆಗಳು ಹಿಂದೆ ಉಳಿದವು.

ಹಾಗಾದರೆ ಏನು ಬದಲಾಯಿತು? ಲೈನಿನ ಉದ್ದಕ್ಕೂ ಒಂದು ಹಗ್ಗ ಹಾದುಹೋಗಿತ್ತು. ಹಳೆಯ ಫ್ರೀಮಾಂಟಿನಲ್ಲಿ ಲೈನ್ ನಿಲ್ಲಿಸುವುದು ಅಪರಾಧಕ್ಕೆ ಸಮ. ಬೋಲ್ಟ್ ತಪ್ಪಿ ಕೂತಿರಲಿ, ಭಾಗವೇ ಇಲ್ಲದಿರಲಿ, ಕಾರು ಮುಂದೆ ಹೋಗಲೇಬೇಕು, ಕೊನೆಯಲ್ಲಿ ಅಂಗಳದಲ್ಲಿ ನಿಲ್ಲಿಸಿ ರಿಪೇರಿ ಮಾಡುತ್ತಿದ್ದರು. ನಮ್ಮಿಯಲ್ಲಿ ಪ್ರತಿ ಕೆಲಸಗಾರನೂ ಆ ಹಗ್ಗ ಎಳೆಯಬಹುದಿತ್ತು, ಎಳೆಯಬೇಕಾಗಿತ್ತು. ಎಳೆದ ಕೂಡಲೇ ತಲೆಯ ಮೇಲಿನ ಫಲಕದಲ್ಲಿ ಆ ಜಾಗದ ಸಂಖ್ಯೆಯ ದೀಪ ಹತ್ತುತ್ತದೆ, ಸಂಗೀತ ಕೇಳಿಸುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಪ್ರತಿ ಕೆಲಸದ ಸುತ್ತು ಸುಮಾರು ಒಂದು ನಿಮಿಷ. ಆ ನಿಮಿಷ ಮುಗಿಯುವುದರೊಳಗೆ ಸರಿಹೋದರೆ ಹಗ್ಗ ಮತ್ತೆ ಎಳೆದು ದೀಪ ಆರಿಸುತ್ತಾರೆ, ಲೈನ್ ನಿಲ್ಲುವುದೇ ಇಲ್ಲ. ಸರಿಹೋಗದಿದ್ದರೆ ನಿಲ್ಲುತ್ತದೆ.

ನನ್ನ ಮಾತನ್ನು ಗಮನಿಸಿ. ಹಗ್ಗ ಒಂದು ಸಲಕರಣೆ, ಅಷ್ಟೇ. ಹಗ್ಗ ಎಳೆದ ಮೇಲೆ ಓಡಿ ಬಂದವನು ಮೊದಲು ಏನು ಕೇಳುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. "ಏನಾಯಿತು, ನಾನೇನು ಮಾಡಲಿ?" ಎಂದು ಕೇಳುವುದನ್ನು ಟೀಮ್ ಲೀಡರುಗಳು, ಗ್ರೂಪ್ ಲೀಡರುಗಳು ಕಲಿಯಬೇಕಾಗಿತ್ತು. ಅದಕ್ಕಾಗಿಯೇ ನಾನೂರಕ್ಕೂ ಹೆಚ್ಚು ಜನರನ್ನು ಜಪಾನಿಗೆ ಮೂರು ವಾರಗಳ ತರಬೇತಿಗೆ ಕಳಿಸಿದರು. ಅವರಲ್ಲಿ ಹೆಚ್ಚಿನವರು ಕೆಲಸಗಾರರಾಗಿದ್ದವರೇ. ತಕವೊಕಾದ ಲೈನಿನಲ್ಲಿ ನಿಂತು ತಾವೇ ದುಡಿದರು, ತಾವೇ ತಪ್ಪಿದರು, ತಪ್ಪಿದಾಗ ಯಾರೂ ಗದರದೆ ಜೊತೆಗೆ ನಿಂತು ಸರಿಮಾಡಿದ್ದನ್ನು ಮೈಯಲ್ಲಿ ಅನುಭವಿಸಿ ಬಂದರು. ಪವರ್‌ಪಾಯಿಂಟ್ ತೋರಿಸಿ ಇದನ್ನು ಕಲಿಸಲು ಬರುವುದಿಲ್ಲ.

ಎರಡನೆಯ ಬದಲಾವಣೆ ಇನ್ನೂ ಆಳದ್ದು, ಹಗ್ಗದಷ್ಟು ಕಣ್ಣಿಗೆ ಬೀಳದ್ದು. ಹಳೆಯ ಫ್ರೀಮಾಂಟಿನಲ್ಲಿ ಎಂಬತ್ತರಷ್ಟು ಇಂಡಸ್ಟ್ರಿಯಲ್ ಎಂಜಿನಿಯರುಗಳು ಇದ್ದರು. ಸ್ಟಾಪ್‌ವಾಚ್ ಹಿಡಿದು ಪ್ರತಿ ಕೆಲಸಕ್ಕೆ ಎಷ್ಟು ಸೆಕೆಂಡ್ ಎಂದು ನಿಗದಿ ಮಾಡುವುದು ಅವರ ಉದ್ಯೋಗ. ಎಂಜಿನಿಯರ್ ಬಂದನೆಂದರೆ ಕೆಲಸಗಾರ ನಿಧಾನ ಮಾಡುತ್ತಿದ್ದ, ಹೋದ ಮೇಲೆ ತನಗೆ ಗೊತ್ತಿರುವ ಒಳದಾರಿಯಲ್ಲಿ ಬೇಗ ಮುಗಿಸಿ ಕೈಕಟ್ಟಿ ನಿಲ್ಲುತ್ತಿದ್ದ. ಕೆಲಸದ ನಿಜವಾದ ಜ್ಞಾನ ಕೆಲಸಗಾರನ ಬಳಿ ಗುಟ್ಟಾಗಿ ಉಳಿಯುತ್ತಿತ್ತು. ನಮ್ಮಿಯಲ್ಲಿ ಅಂಥ ಎಂಜಿನಿಯರುಗಳ ವಿಭಾಗವೇ ಇರಲಿಲ್ಲ. ಐದಾರು ಜನರ ಟೀಮ್‌ಗಳು ತಾವೇ ಸ್ಟಾಪ್‌ವಾಚ್ ಹಿಡಿದು, ಒಬ್ಬರ ಕೆಲಸವನ್ನು ಒಬ್ಬರು ಅಳೆದು, ಅತ್ಯಂತ ಸುಲಭವಾದ, ಅಪಾಯವಿಲ್ಲದ ಕ್ರಮವನ್ನು ಹುಡುಕಿ ಬರೆದಿಡುತ್ತಿದ್ದರು. ಎರಡು ಶಿಫ್ಟಿನ ಟೀಮ್‌ಗಳು ಮಾತನಾಡಿಕೊಂಡು ಒಂದೇ ಕ್ರಮಕ್ಕೆ ಬರುತ್ತಿದ್ದವು. ಈ ಕಾರ್ಖಾನೆಯನ್ನು ಹತ್ತಿರದಿಂದ ಅಧ್ಯಯನ ಮಾಡಿದ ಪಾಲ್ ಆಡ್ಲರ್ 1993ರಲ್ಲಿ ಈ ಮಾತನ್ನೇ ಎತ್ತಿ ಹಿಡಿದರು. ಕಾರ್ಮಿಕರು ದ್ವೇಷಿಸಿದ್ದು ಶಿಸ್ತನ್ನಲ್ಲ, ತಮ್ಮ ಮೇಲೆ ಬೇರೆಯವರು ಹೇರಿದ ಶಿಸ್ತನ್ನು.

ಇದರಿಂದ ಥಿಯರಿ ವೈ ಎಂದರೆ ಸಡಿಲ ಬಿಡುವುದು ಎಂಬ ಗ್ರಹಿಕೆ ಮುರಿಯಬೇಕು. ಹಳೆಯ ಫ್ರೀಮಾಂಟಿನಲ್ಲಿ ಕೆಲಸಗಾರ ನಿಮಿಷದಲ್ಲಿ ಸುಮಾರು 45 ಸೆಕೆಂಡ್ ದುಡಿಯುತ್ತಿದ್ದರೆ ನಮ್ಮಿಯಲ್ಲಿ ಅದು 57ರ ಹತ್ತಿರ ಎಂಬ ಲೆಕ್ಕ ಪ್ರಸಿದ್ಧವಾಗಿದೆ. ಕೆಲಸ ಹೆಚ್ಚೇ ಆಯಿತು. ಸಂಘದೊಳಗಿನ ವಿಮರ್ಶಕರು ಇದನ್ನು ಒತ್ತಡದಿಂದ ಆಳುವ ವಿಧಾನ ಎಂದು ಕರೆದರು, ಅವರ ಟೀಕೆಯಲ್ಲಿ ತೂಕವಿದೆ. ಮೆಕ್‌ಗ್ರೆಗರ್ ಅವರೂ ಆಂಟಿಯೋಕ್ ಬಿಡುವ ಹೊತ್ತಿಗೆ ಇಂಥದೇ ಒಂದು ಪಾಠ ಕಲಿತಿದ್ದರು. ಅಧ್ಯಕ್ಷನಾದವನು ಸಲಹೆಗಾರನಂತೆ ಪಕ್ಕದಲ್ಲಿದ್ದುಕೊಂಡು ಕಷ್ಟದ ತೀರ್ಮಾನಗಳಿಂದ ದೂರ ಉಳಿಯಬಹುದು ಎಂದುಕೊಂಡಿದ್ದೆ, ಆದರೆ ಅಧಿಕಾರ ಚಲಾಯಿಸುವ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದು ಅವರು 1954ರಲ್ಲಿ ಬರೆದರು. ವೈ ನಂಬುವವನು ಎಕ್ಸ್ ನಂಬುವವನಿಗಿಂತ ಕಡಿಮೆ ಬಯಸುವುದಿಲ್ಲ. ಹೆಚ್ಚೇ ಬಯಸುತ್ತಾನೆ. ಹಾಗೆ ಬಯಸುವುದಕ್ಕೆ ತಾನೂ ಏನನ್ನೋ ತೆರಬೇಕಾಗುತ್ತದೆ.

ನಮ್ಮಿ ತೆತ್ತದ್ದು ಏನು? ಕಾರ್ಮಿಕರ ಸಲಹೆಯಿಂದ ಆರು ಜನರ ಕೆಲಸ ಐದು ಜನರಿಂದ ಆಗುವಂತಾದರೆ ಆರನೆಯವನ ಗತಿ ಏನು? ಈ ಪ್ರಶ್ನೆಗೆ ಉತ್ತರವಿಲ್ಲದೆ ಸಲಹಾ ಪೆಟ್ಟಿಗೆ ಇಡುವುದು ಮೋಸ. ಕಂಪನಿ ಉಳಿಯುವುದೇ ಕಷ್ಟ ಎನ್ನುವ ಸ್ಥಿತಿ ಬಾರದೆ ಯಾರನ್ನೂ ತೆಗೆಯುವುದಿಲ್ಲ, ಅದಕ್ಕೂ ಮೊದಲು ಆಡಳಿತದವರ ಸಂಬಳ ಇಳಿಸುತ್ತೇವೆ ಎಂದು ಒಪ್ಪಂದದಲ್ಲೇ ಬರೆದುಕೊಟ್ಟಿದ್ದರು. 1988ರಲ್ಲಿ ಅದರ ಪರೀಕ್ಷೆ ಬಂತು. ಅಲ್ಲಿ ತಯಾರಾಗುತ್ತಿದ್ದ ನೋವಾ ಕಾರಿನ ಮಾರಾಟ ಬಿದ್ದು, ಕಾರ್ಖಾನೆಯ ಸಾಮರ್ಥ್ಯದ ನೂರಕ್ಕೆ ಅರುವತ್ತರಷ್ಟೂ ಕೆಲಸ ಇರಲಿಲ್ಲ. ಯಾರನ್ನೂ ತೆಗೆಯಲಿಲ್ಲ. ಹೆಚ್ಚಾದ ಜನರನ್ನು ತರಬೇತಿಗೆ, ಸುಧಾರಣೆಯ ಕೆಲಸಕ್ಕೆ ಹಾಕಿದರು. ಫ್ರೀಮಾಂಟಿನ ಕಾರ್ಮಿಕರು ಆಡಳಿತದ ಮಾತನ್ನು ನಂಬತೊಡಗಿದ್ದು ಈ ತಿಂಗಳುಗಳಲ್ಲಿ ಎಂದು ನನಗೆ ಅನಿಸುತ್ತದೆ. ಮಾಮೂಲು ದಿನಗಳಲ್ಲಿ ಕೊಟ್ಟ ಮಾತಿಗೆ ಯಾರೂ ಅಷ್ಟು ಬೆಲೆ ಕೊಡುವುದಿಲ್ಲ.

ನಮ್ಮಿ ತಪ್ಪಿದ ಸಂದರ್ಭವೂ ಇದೆ, ಅದನ್ನು ಹೇಳದಿದ್ದರೆ ಈ ಕಥೆ ಅರ್ಧ ಸುಳ್ಳಾಗುತ್ತದೆ. 1993ರ ಮಾದರಿಯ ಕಾರು ಲೈನಿಗೆ ಬಂದಾಗ ಹಲವು ಕೆಲಸಗಳು ಮೈಗೆ ಒಗ್ಗದಂತಿದ್ದವು. ಕೈ, ಭುಜ, ಬೆನ್ನಿನ ನೋವಿನ ಪ್ರಕರಣಗಳು ಏರಿದವು. ಉತ್ಪಾದನೆ ಮೇಲಕ್ಕೇರಿಸುವ ಆತುರದಲ್ಲಿ ಟೀಮ್‌ಗಳ ಮಾತಿಗೆ ಸಮಯವಿರಲಿಲ್ಲ. ಕೆಲಸದ ಸರದಿ ಬದಲಾಯಿಸುವ ಪದ್ಧತಿಯೂ ಸಡಿಲವಾಗಿತ್ತು. ಸಂಘ ದನಿ ಎತ್ತಿತು. ಕ್ಯಾಲಿಫೋರ್ನಿಯಾ ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ ಕಂಪನಿಗೆ ನೋಟೀಸು ಕೊಟ್ಟಿತು. ಮುಂದಿನ ಮಾದರಿ ಬದಲಾವಣೆ 1995ರಲ್ಲಿ, ಒಂದು ಟ್ರಕ್ಕಿನದು. ಈ ಸಲ ಲೈನಿಗೆ ಬರುವ ಮೊದಲೇ ಕಾರ್ಮಿಕರನ್ನು ಕೂರಿಸಿಕೊಂಡು ಒಂದೊಂದು ಕೆಲಸವನ್ನೂ ಮೈನೋವಿನ ದೃಷ್ಟಿಯಿಂದ ಪರಿಶೀಲಿಸಿದರು. ಫಲಿತಾಂಶ ಹಿಂದಿನದಕ್ಕಿಂತ ಚೆನ್ನಾಗಿತ್ತು. ಇಲ್ಲಿ ನನಗೆ ಮುಖ್ಯವೆನಿಸುವುದು ಸಂಘದ ಪಾತ್ರ. ಮ್ಯಾನೇಜರ್ ಒಳ್ಳೆಯವನಿದ್ದರೆ ಸಂಘ ಬೇಕಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಒಳ್ಳೆಯ ನಂಬಿಕೆಯ ಆಡಳಿತವೂ ಆತುರದಲ್ಲಿ ಕಿವುಡಾಗುತ್ತದೆ. ಆಗ ಭಯವಿಲ್ಲದೆ ಹೇಳುವವರು ಹೊರಗೊಬ್ಬರು ಬೇಕು.

ಜನರಲ್ ಮೋಟರ್ಸ್ ತನ್ನ ನೂರಾರು ಮ್ಯಾನೇಜರುಗಳನ್ನು ಫ್ರೀಮಾಂಟಿಗೆ ಕಳಿಸಿ ತೋರಿಸಿತು. ಅದೇ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಟೀಮ್ ಪದ್ಧತಿ ತರಲು ನೋಡಿತು. ಅಲ್ಲಿ ಕಾರ್ಮಿಕರ ಒಂದು ದೊಡ್ಡ ಗುಂಪು ಇದನ್ನು ಹೆಚ್ಚು ದುಡಿಸುವ ಹುನ್ನಾರವೆಂದು ವಿರೋಧಿಸಿತು. ಸೂಪರ್‌ವೈಸರುಗಳೂ ಒಲ್ಲದ ಮನಸ್ಸಿನಿಂದಲೇ ಇದ್ದರು. ಅವರ ಬಡ್ತಿ, ಬೋನಸ್ ಇನ್ನೂ ಎಷ್ಟು ಕಾರು ಹೊರಬಿತ್ತು ಎಂಬುದರ ಮೇಲೇ ನಿಂತಿತ್ತು. ಅಂಥವರಿಗೆ ಲೈನ್ ನಿಲ್ಲಿಸುವ ಕೆಲಸಗಾರ ಶತ್ರುವಾಗಿ ಕಾಣದೆ ಇರಲು ಸಾಧ್ಯವೇ? ಪ್ರಯೋಗ ಸೋತಿತು. 1992ರಲ್ಲಿ ಆ ಕಾರ್ಖಾನೆ ಮುಚ್ಚಿತು. ನಡು ಹಂತದ ಮ್ಯಾನೇಜರುಗಳನ್ನು ಬೈಯುವ ಮೊದಲು ಅವರನ್ನು ಅವರ ಮೇಲಿನವರು ಯಾವುದರಿಂದ ಅಳೆಯುತ್ತಿದ್ದಾರೆ ಎಂದು ನೋಡಬೇಕು. ಶಿಫ್ಟಿನ ಕೊನೆಯಲ್ಲಿ ಪ್ಲಾಂಟ್ ಹೆಡ್ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟಾಯಿತು?" ಎಂದಾದರೆ, ಸೂಪರ್‌ವೈಸರ್ ಕೆಳಗಿನವರಿಗೂ ಅದನ್ನೇ ಕೇಳುತ್ತಾನೆ.

ನಮ್ಮಿಯೂ ಉಳಿಯಲಿಲ್ಲ. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿಗೆ ಹೋದಾಗ ಪಾಲುದಾರಿಕೆಯಿಂದ ಹೊರನಡೆಯಿತು. ಟೊಯೊಟಾ ಒಬ್ಬಂಟಿಯಾಗಿ ನಡೆಸಲು ಒಪ್ಪಲಿಲ್ಲ. 2010ರ ಏಪ್ರಿಲ್ 1ರಂದು ಕೊನೆಯ ಕಾರು ಹೊರಬಂತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆ ಕಟ್ಟಡ ಈಗ ಟೆಸ್ಲಾ ಕೈಯಲ್ಲಿದೆ. ಕೆಲಸಗಾರರು ಒಳ್ಳೆಯ ಕಾರು ಮಾಡಿದ್ದರು. ಆದರೆ ಯಾವ ಕಾರ್ಖಾನೆ ಇರಬೇಕು ಎಂಬ ತೀರ್ಮಾನ ಯಾವ ಟೀಮಿನ ಕೈಗೂ ಬಂದಿರಲಿಲ್ಲ. ಕೆಲಸದ ಜಾಗದ ನಂಬಿಕೆಗೆ ಇರುವ ದೊಡ್ಡ ಮಿತಿ ಇದು. ವೈ ಬೋಧಿಸುವವರು ಇದನ್ನು ಮರೆಮಾಚಬಾರದು.

ಇದೇ ಟೊಯೊಟಾ ನಮ್ಮ ಬಿಡದಿಗೆ ಬಂದು ಕಾಲು ಶತಮಾನ ಕಳೆಯಿತು. ಕಿರ್ಲೋಸ್ಕರ್ ಜೊತೆಗಿನ ಕಾರ್ಖಾನೆಯಿಂದ ಕ್ವಾಲಿಸ್ ಗಾಡಿ ಹೊರಬಂದದ್ದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಲ್ಲೂ ಹಗ್ಗವಿದೆ, ದೀಪದ ಫಲಕವಿದೆ, ಟೀಮ್ ಲೀಡರುಗಳಿದ್ದಾರೆ. ಆದರೂ 2006ರಲ್ಲಿ, 2014ರಲ್ಲಿ, ಮತ್ತೆ 2020ರ ನವೆಂಬರಿನಲ್ಲಿ ಅಲ್ಲಿ ಲಾಕೌಟ್ ಆಯಿತು. 2020ರಲ್ಲಿ ಕೆಲಸದ ಹೊರೆ ಅತಿಯಾಗಿದೆ ಎಂದು ಸಂಘ ಹೇಳಿತು. ಅಶಿಸ್ತಿನ ಕಾರಣಕ್ಕೆ ಒಬ್ಬ ನೌಕರನನ್ನು ಅಮಾನತು ಮಾಡಿದ್ದೇವೆ ಎಂದು ಕಂಪನಿ ಹೇಳಿತು. ಕಾರ್ಮಿಕರು ಒಳಗೇ ಕೂತು ಧರಣಿ ಹೂಡಿದರು. ಮೂರು ಸಾವಿರಕ್ಕೂ ಹೆಚ್ಚು ಜನ ತಿಂಗಳುಗಟ್ಟಲೆ ಹೊರಗುಳಿದರು. ಮುಷ್ಕರ, ಲಾಕೌಟ್ ಎರಡನ್ನೂ ರಾಜ್ಯ ಸರ್ಕಾರ ನಿಷೇಧಿಸಿದ ಮೇಲೂ ಬಿಕ್ಕಟ್ಟು ಬೇಗ ತೀರಲಿಲ್ಲ.

ಯಾರದು ಸರಿ ಎಂದು ಈ ವೇದಿಕೆಯಿಂದ ತೀರ್ಪು ಕೊಡಲು ನಾನು ಬಂದಿಲ್ಲ. ಆದರೆ ಫ್ರೀಮಾಂಟಿನ ಕಥೆ ಓದಿದವನಿಗೆ ಬಿಡದಿಯ ವಿವಾದದಲ್ಲಿ ಒಂದು ಪ್ರಶ್ನೆ ಎದ್ದು ಕಾಣುತ್ತದೆ. ಹೊರೆ ಹೆಚ್ಚಾಗಿದೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು ಹೇಳಿದಾಗ ಅದನ್ನು ಅಳೆಯುವವರು ಯಾರು? ನಮ್ಮಿಯಲ್ಲಿ ಸ್ಟಾಪ್‌ವಾಚ್ ಟೀಮಿನ ಕೈಯಲ್ಲಿತ್ತು. ಸುತ್ತಿನ ಸಮಯ ಬದಲಾಗಬೇಕಾದರೆ ಟೀಮ್ ಕೂತು ಕೆಲಸವನ್ನು ಮರುಹಂಚಿಕೆ ಮಾಡಬೇಕಿತ್ತು, ಸಂಘಕ್ಕೆ ಅದರ ಬಗ್ಗೆ ತಕರಾರು ಎತ್ತುವ ಒಪ್ಪಿತ ದಾರಿ ಇತ್ತು. ಬಿಡದಿಯಲ್ಲೂ, ಪೀಣ್ಯದಲ್ಲೂ, ಬೊಮ್ಮಸಂದ್ರದಲ್ಲೂ ಹೊರೆಯ ವಿವಾದ ಎದ್ದಾಗ ಕಾರ್ಮಿಕ ಇಲಾಖೆಯ ಅಧಿಕಾರಿಗಳು, ಎರಡೂ ಕಡೆಯ ವಕೀಲರು ಬಹಳ ಕಾಗದ ಓದುತ್ತಾರೆ. ಆ ಕಾಗದಗಳ ಜೊತೆಗೆ ಇನ್ನೊಂದು ಕಾಗದವನ್ನೂ ಕೇಳಿ ತರಿಸಿಕೊಳ್ಳಬೇಕೆಂದು ನನ್ನ ಬೇಡಿಕೆ. ಆ ಕೆಲಸದ ಕ್ರಮವನ್ನು ಸೆಕೆಂಡುಗಳಲ್ಲಿ ಬರೆದ ಹಾಳೆ, ಅದನ್ನು ಬರೆದ ತಾರೀಖು, ಬರೆಯುವಾಗ ಆ ಕೆಲಸ ಮಾಡುತ್ತಿದ್ದವರು ಅಲ್ಲಿದ್ದರೇ ಎಂಬುದರ ದಾಖಲೆ, ಅವರ ಸಹಿ.